ಶುಕ್ರವಾರ ನನ್ನ ಕೊನೆಯ ಪಾಳಿ

ಆತ್ಮೀಯರೇ,

ಪೀಣ್ಯದ ನಮ್ಮ ಕಾರ್ಖಾನೆಯ ಗುಣಮಟ್ಟ ವಿಭಾಗದಿಂದ ಬರುವ ಶುಕ್ರವಾರ ನಾನು ಬಿಡುಗಡೆ ಹೊಂದುತ್ತಿದ್ದೇನೆ. ಡಿಪ್ಲೊಮಾ ಮುಗಿಸಿ 2006ರ ಜೂನ್‌ನಲ್ಲಿ ಟ್ರೈನಿಯಾಗಿ ಸೇರಿದವಳು ಇಷ್ಟು ವರ್ಷವೂ ಅದೇ ಗೇಟಿನಲ್ಲಿ ಒಳಹೋಗಿ ಹೊರಬಂದಿದ್ದೇನೆ. ತಿಪಟೂರಿನಲ್ಲಿರುವ ಅಮ್ಮನ ಜೊತೆ ಕೆಲಕಾಲ ಇರಬೇಕಾಗಿರುವುದರಿಂದ ಕೆಲಸ ಬಿಡುತ್ತಿದ್ದೇನೆಯೇ ಹೊರತು ಬೇರೆ ಕಂಪನಿಗೆ ಹೋಗುತ್ತಿಲ್ಲ. ಯಾರ ಮೇಲೂ ಬೇಸರವೂ ಇಲ್ಲ. ಹಾಗಾಗಿ ದಯವಿಟ್ಟು ಅಭಿನಂದನೆ ಹೇಳಬೇಡಿ, ಏನಾಯಿತೋ ಎಂದು ಗಾಬರಿಯನ್ನೂ ಪಡಬೇಡಿ.

ಇಂಥ ವಿದಾಯದ ಬರಹಗಳಲ್ಲಿ ಕೃತಜ್ಞತೆಯ ಒಂದು ವಾಕ್ಯದ ಹಿಂದೆಯೇ ಸಾಧನೆಯ ಹತ್ತು ವಾಕ್ಯಗಳು ಬರುವುದನ್ನು ನಾನು ಓದಿದ್ದೇನೆ, ಒಮ್ಮೆ ಬಡ್ತಿ ಸಿಕ್ಕಾಗ ಬರೆದೂ ಇದ್ದೇನೆ. ಈಗ ಅದನ್ನು ತೆರೆದು ನೋಡಿದರೆ ಸಂಕೋಚವಾಗುತ್ತದೆ. ಆದ್ದರಿಂದ ಇಲ್ಲಿ ನನ್ನ ಲೆಕ್ಕಕ್ಕೆ ತಪ್ಪಾಗಿ ಜಮೆಯಾಗಿರುವ ಕೆಲವನ್ನು ಅವುಗಳ ವಾರಸುದಾರರಿಗೆ ಒಪ್ಪಿಸಿ ಹೊರಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಗ್ರೈಂಡಿಂಗ್ ವಿಭಾಗದಲ್ಲಿ ಶಾಫ್ಟ್‌ಗಳ ರಿಜೆಕ್ಷನ್ ಕಡಿಮೆಯಾದ ಬಗ್ಗೆ ನಾನು ಇಲ್ಲಿ ಬರೆದಿದ್ದೆ. ನಿಮ್ಮಲ್ಲಿ ಬಹಳ ಮಂದಿ ಮೆಚ್ಚಿದಿರಿ, ಇಬ್ಬರು ತಮ್ಮ ಕಾರ್ಖಾನೆಗೆ ಬಂದು ಮಾತನಾಡುವಂತೆಯೂ ಕರೆದಿರಿ. ಆ ಬರಹದಲ್ಲಿ ‘ನಮ್ಮ ತಂಡ’ ಎಂದಷ್ಟೇ ಇತ್ತು. ನಿಜವಾಗಿ ಕಾರಣವನ್ನು ಹಿಡಿದವರು ಎರಡನೇ ಪಾಳಿಯ ಒಬ್ಬ ಆಪರೇಟರ್. ಬೆಳಿಗ್ಗೆ ಮಾಡಿದ ಶಾಫ್ಟ್‌ಗಳೆಲ್ಲ ತಪಾಸಣೆಯಲ್ಲಿ ಪಾಸಾಗುತ್ತಿದ್ದವು, ಮಧ್ಯಾಹ್ನ ಮೂರರ ನಂತರದವು ಅಳತೆಗಿಂತ ಚಿಕ್ಕದಾಗಿ ಬರುತ್ತಿದ್ದವು. ನಾವು ವೀಲ್ ಬದಲಿಸಿದೆವು, ಮೈಕ್ರೋಮೀಟರ್ ಬದಲಿಸಿದೆವು, ಕೊನೆಗೆ ಆಪರೇಟರ್‌ನನ್ನೂ ಬದಲಿಸಿದೆವು. ಹಾಗೆ ಬದಲಾಗಿ ಬಂದ ಅವರು ಆಗ ತಾನೇ ಮೆಷಿನ್‌ನಿಂದ ತೆಗೆದ ಒಂದು ಶಾಫ್ಟನ್ನು ನನ್ನ ಅಂಗೈಗೆ ಇಟ್ಟು, “ಮೇಡಂ, ಇದನ್ನು ಹಿಡಿದು ನೋಡಿ, ಕೂಲೆಂಟೇ ಬೆಚ್ಚಗಾಗಿದೆ” ಎಂದರು. 40 ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟ್ ಹತ್ತು ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ ನಾಲ್ಕೂವರೆ ಮೈಕ್ರಾನ್ ಹಿಗ್ಗುತ್ತದೆ. ನಮಗಿದ್ದ ಟಾಲರೆನ್ಸ್ ಒಟ್ಟು 16 ಮೈಕ್ರಾನ್. ಮೆಷಿನ್ ಬಳಿ ಸರಿಯಾಗಿ ಕಂಡದ್ದು 20 ಡಿಗ್ರಿಯ ತಪಾಸಣಾ ಕೊಠಡಿಗೆ ಬಂದು ತಣಿಯುವಷ್ಟರಲ್ಲಿ ಕುಗ್ಗುತ್ತಿತ್ತು. ಈ ಹಿಗ್ಗುವಿಕೆಯ ಸೂತ್ರವನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅವರಿಗೆ ಅದು ಕೈಯಲ್ಲೇ ತಿಳಿದಿತ್ತು. ಆಮೇಲೆ ಶಾಫ್ಟ್‌ಗಳನ್ನು ಅರ್ಧ ಗಂಟೆ ಸರ್ಫೇಸ್ ಪ್ಲೇಟ್ ಮೇಲೆ ತಣಿಯಲು ಬಿಟ್ಟು ಅಳೆಯುವ ಕ್ರಮವನ್ನು ನಾನು ಕಾಗದಕ್ಕೆ ಇಳಿಸಿ ಸಹಿ ಹಾಕಿದೆ, ಅಷ್ಟೇ. ಹೆಸರು ಹಾಕಲೇ ಎಂದು ಮೊನ್ನೆ ಕೇಳಿದೆ. “ಬೇಡ ಮೇಡಂ, ಆಮೇಲೆ ಎಲ್ಲರೂ ಬಂದು ನನ್ನನ್ನೇ ಕೇಳುತ್ತಾರೆ” ಎಂದು ನಕ್ಕರು. ಹೆಸರಿಲ್ಲದೆಯೇ ಅವರಿಗೆ ನನ್ನ ನಮಸ್ಕಾರ.

ಇನ್ನೊಂದನ್ನು ನಾನು ಇಲ್ಲಿ ಎಂದೂ ಬರೆದಿರಲಿಲ್ಲ. 2011ರಲ್ಲಿ ಹಳೆಯ ರಿವಿಷನ್‌ನ ಡ್ರಾಯಿಂಗ್ ಮುಂದಿಟ್ಟುಕೊಂಡು ಒಂದು ಲಾಟ್ ಪಿನ್‌ಗಳನ್ನು ಪರಿಶೀಲಿಸಿ ಕಳುಹಿಸಿಬಿಟ್ಟೆ. ಗ್ರಾಹಕ ಕಂಪನಿಯ ತಪಾಸಣಾಧಿಕಾರಿಯವರು ನೇರವಾಗಿ ದೂರು ದಾಖಲಿಸಬಹುದಿತ್ತು, ಅದು ಅವರ ಹಕ್ಕೂ ಆಗಿತ್ತು. ಅವರು ಮೊದಲು ನನಗೆ ಫೋನ್ ಮಾಡಿ, “ಅಮ್ಮಾ, ನಿಮ್ಮ ಮೇಜಿನ ಮೇಲಿರುವ ಡ್ರಾಯಿಂಗ್‌ನ ಬಲಗಡೆ ಕೆಳಮೂಲೆಯನ್ನು ಓದಿ” ಎಂದರು. ನಾನು ಓದಿದೆ, ಆಮೇಲೆ ಬಹಳ ಹೊತ್ತು ಮಾತು ಹೊರಡಲಿಲ್ಲ. ದೂರು ಬಂತು, ಬರಬೇಕಾದದ್ದೇ. ಆದರೆ ಅದು ಬರುವ ಮೊದಲು ನಾನೇ ಹೋಗಿ ಮ್ಯಾನೇಜರ್ ಬಳಿ ತಪ್ಪೊಪ್ಪಿಕೊಳ್ಳಲು ಅವರು ಒಂದು ಗಂಟೆ ಸಮಯ ಕೊಟ್ಟಿದ್ದರು. ಇಂದಿಗೂ ಯಾವ ಡ್ರಾಯಿಂಗ್ ಕೈಗೆ ಬಂದರೂ ನನ್ನ ಕಣ್ಣು ಮೊದಲು ಆ ಮೂಲೆಗೇ ಹೋಗುತ್ತದೆ. ಅವರು ಈಗ ನಿವೃತ್ತರು, ಇಲ್ಲಿ ಅಪರೂಪಕ್ಕೆ ಬರುತ್ತಾರೆ. ಸರ್, ಓದಿದರೆ ಇದು ನಿಮಗೆ.

ಇನ್ನು ಮುಖ ನೋಡದೆಯೇ ನೆರವಾದವರು. ಮಳೆಗಾಲದಲ್ಲಿ ಪ್ಯಾಕ್ ಮಾಡಿದ ಬಿಡಿಭಾಗಗಳ ಮೇಲೆ ಬೆರಳಿನ ಗುರುತಿನ ಆಕಾರದಲ್ಲೇ ತುಕ್ಕು ಕಾಣುತ್ತಿದೆ ಎಂದು ಒಂದು ರಾತ್ರಿ ಇಲ್ಲಿ ಕೇಳಿದ್ದೆ. ಬೆಳಗಾಗುವುದರೊಳಗೆ ಬೆಳಗಾವಿಯಿಂದ, ಹುಬ್ಬಳ್ಳಿಯಿಂದ, ಕೊಯಮತ್ತೂರಿನಿಂದ ಉತ್ತರಗಳು ಬಂದಿದ್ದವು. ಕೈಗವಸು ಹಾಕಿಸಿ, ಬೆವರಿನ ಉಪ್ಪೇ ಕಾರಣ ಎಂದವರು, ತೊಳೆದ ಮೇಲೆ ನೀರು ಬಿಡಿಸುವ ಎಣ್ಣೆಯಲ್ಲಿ ಅದ್ದಿ ಎಂದವರು, ತುಕ್ಕುನಿರೋಧಕ ಕಾಗದದ ಮಾದರಿಯನ್ನೇ ಕೊರಿಯರ್ ಮಾಡಿದವರು. ಇವರಲ್ಲಿ ಒಬ್ಬರಂತೂ ನಮ್ಮಂಥದೇ ಬಿಡಿಭಾಗಗಳನ್ನು ಮಾಡುವ, ಅಂದರೆ ನಮಗೆ ಪ್ರತಿಸ್ಪರ್ಧಿಯಾದ ಕಂಪನಿಯವರು. ನನ್ನ ಬರಹಗಳಲ್ಲಿ ಲೆಕ್ಕದ ತಪ್ಪು ಕಂಡಾಗ ಎಲ್ಲರೆದುರು ಎತ್ತಿ ಆಡದೆ ಖಾಸಗಿಯಾಗಿ ತಿಳಿಸಿದವರಿಗೂ ನಾನು ಋಣಿ. ಎಲ್ಲರೆದುರೇ ತಿಳಿಸಿದವರಿಗೂ ಋಣಿಯೇ, ಆ ದಿನ ಹಾಗನ್ನಿಸಿರಲಿಲ್ಲವಾದರೂ.

ಹೀಟ್ ಟ್ರೀಟ್‌ಮೆಂಟ್ ಮತ್ತು ಪ್ಲೇಟಿಂಗ್ ಮಾಡಿಕೊಡುವ ಸಣ್ಣ ಘಟಕಗಳ ಮಾಲೀಕರೇ, ನಿಮ್ಮ ಮಾಲನ್ನು ನಾನು ಎಷ್ಟೋ ಬಾರಿ ವಾಪಸ್ ಕಳುಹಿಸಿದ್ದೇನೆ. ಹಿಂದಿರುಗುವ ಪ್ರತಿ ಟೆಂಪೋದ ಬಾಡಿಗೆ ನಿಮ್ಮ ಜೇಬಿನಿಂದ ಹೋಗುತ್ತದೆಂದು ಗೊತ್ತಿದ್ದೇ ಕಳುಹಿಸಿದ್ದೇನೆ. ಅಷ್ಟಾದರೂ ಆಯುಧಪೂಜೆಗೆ ಕರೆಯದೆ ನೀವು ಒಂದು ವರ್ಷವೂ ಬಿಡಲಿಲ್ಲ.

ಒಂದು ಕ್ಷಮಾಪಣೆಯೂ ಇದೆ. 2020ರ ಮಾರ್ಚ್‌ನ ಲಾಕ್‌ಡೌನ್ ನಂತರದ ತಿಂಗಳುಗಳಲ್ಲಿ ಕೆಲಸ ಹುಡುಕುತ್ತಿದ್ದ ಅನೇಕರು ನನಗೆ ಸಂದೇಶ ಕಳುಹಿಸಿದ್ದಿರಿ. ಕೆಲವರಿಗೆ ಉತ್ತರಿಸಿದೆ, ಹಲವರಿಗೆ ಉತ್ತರಿಸಲಿಲ್ಲ. ನಮ್ಮಲ್ಲೇ ಯಾರು ಉಳಿಯುತ್ತಾರೆಂದು ತಿಳಿಯದ ಹೊತ್ತಿನಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ ಎಂಬುದು ಕಾರಣವಾದೀತೇ ಹೊರತು ಸಮರ್ಥನೆಯಾಗದು. ‘ಸದ್ಯಕ್ಕೆ ಇಲ್ಲ’ ಎಂಬ ಎರಡು ಪದಗಳನ್ನಾದರೂ ಬರೆಯಬಹುದಿತ್ತು. ಕಳೆದ ವಾರ ಆ ಸಂದೇಶಗಳನ್ನು ತೆರೆದು ಒಬ್ಬೊಬ್ಬರಿಗೂ ಬರೆಯಲು ಆರಂಭಿಸಿದ್ದೇನೆ. ಹಲವರು ಒಳ್ಳೆಯ ಸ್ಥಾನಗಳಲ್ಲಿದ್ದೀರಿ, ಒಬ್ಬರು ನಾನು ಯಾರೆಂದೇ ಮರೆತಿದ್ದರು, ಅದೂ ಸಮಾಧಾನವೇ.

ಕ್ಯಾಂಟೀನಿನವರು, ಗೇಟಿನ ಭದ್ರತಾ ಸಿಬ್ಬಂದಿ, ರಾತ್ರಿ ಪಾಳಿ ಮುಗಿದಾಗ ಮನೆಯ ಬಾಗಿಲು ತೆರೆಯುವವರೆಗೆ ಗಾಡಿ ತಿರುಗಿಸದೆ ಕಾಯುತ್ತಿದ್ದ ಕ್ಯಾಬ್ ಚಾಲಕರು, ಇವರ್ಯಾರೂ ಈ ಜಾಲತಾಣದಲ್ಲಿಲ್ಲ. ಅವರಿಗೆ ಹೇಳಬೇಕಾದದ್ದನ್ನು ಶುಕ್ರವಾರ ಎದುರಿಗೆ ನಿಂತು ಹೇಳುತ್ತೇನೆ.

ಸೋಮವಾರದಿಂದ ನನ್ನ ಕೆಲಸವನ್ನು ಏಳು ವರ್ಷ ನನ್ನ ಪಕ್ಕದ ಮೇಜಿನಲ್ಲಿದ್ದ ಸಹೋದ್ಯೋಗಿ ನೋಡಿಕೊಳ್ಳುತ್ತಾರೆ. ಬಾಕಿಯಿರುವ ತಪಾಸಣಾ ವರದಿಗಳನ್ನೂ ಕ್ಯಾಲಿಬ್ರೇಷನ್ ಪಟ್ಟಿಯನ್ನೂ ಅವರಿಗೆ ಒಪ್ಪಿಸಿದ್ದೇನೆ. ಸರಬರಾಜುದಾರರಿಗೆ ಅವರ ಸಂಖ್ಯೆ ಇಮೇಲ್‌ನಲ್ಲಿ ತಲುಪಿದೆ. ಶಿಫಾರಸು ಪತ್ರ ಕೇಳಿದ್ದ ಇಬ್ಬರು ಟ್ರೈನಿಗಳದ್ದನ್ನು ನಿನ್ನೆ ಬರೆದು ಮುಗಿಸಿದೆ. ಈ ಹುದ್ದೆಯಲ್ಲಿದ್ದು ಬರೆಯುವ ಕೊನೆಯ ಬರಹ ಇದು. ಖಾತೆಯನ್ನು ಮುಚ್ಚುತ್ತಿಲ್ಲ, ಆದರೆ ಊರಿನಲ್ಲಿ ಫೋನ್ ನೋಡುವುದು ಕಡಿಮೆಯಾಗಬಹುದು. ಉತ್ತರ ತಡವಾದರೆ ಈ ಬಾರಿ ಮರೆತೆನೆಂದು ಭಾವಿಸದೆ ಇನ್ನೊಮ್ಮೆ ಕೇಳಿ.

ಎಲ್ಲರಿಗೂ ನಮಸ್ಕಾರ.