ರೂಪಾಯಿ ಬಿದ್ದರೆ ಪೆಟ್ರೋಲು, ಫೋನು ಯಾಕೆ ದುಬಾರಿ?

ಎಲ್ಲರಿಗೂ ನಮಸ್ಕಾರ. ಫೈನಾನ್ಸ್ ಕ್ಲಬ್ಬಿನ ಈ ಸಭೆಗೆ ಬಂದ ಸರ್, ಮೇಡಂ, ಮತ್ತು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದ ಬಸ್ಸು ಹಿಡಿದು ಬರುವ ಗೆಳೆಯರೆಲ್ಲರಿಗೂ ಸ್ವಾಗತ. ಕಾಮರ್ಸ್ ಓದದವರೂ ಇವತ್ತು ಬಂದಿದ್ದೀರಿ. ತುಂಬಾ ಖುಷಿಯಾಯಿತು. ಇದು ಕಾಮರ್ಸಿನವರಿಗೆ ಮಾತ್ರ ಬೇಕಾದ ವಿಷಯ ಅಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. ಒಂದು ಡಾಲರಿಗೆ 80 ರೂಪಾಯಿ ಇದ್ದದ್ದು 90 ಆದರೆ ರೂಪಾಯಿ ‘ಬಿತ್ತು’ ಅನ್ನುತ್ತೇವೆ. ಅಂಕಿ ಮೇಲೆ ಹೋಗಿದೆಯಲ್ಲ, ಬಿದ್ದದ್ದು ಹೇಗೆ ಅಂತ ಫಸ್ಟ್ ಇಯರಿನವರು ಪ್ರತಿ ಸಲ ಕೇಳುತ್ತಾರೆ. ಮೇಲೆ ಹೋದದ್ದು ಡಾಲರಿನ ಬೆಲೆ. ಅದೇ ಡಾಲರ್ ಕೊಳ್ಳೋಕೆ ನಾವು ಜಾಸ್ತಿ ರೂಪಾಯಿ ಕೊಡಬೇಕು, ಅಷ್ಟೇ.

ಈಗ ಪೆಟ್ರೋಲಿಗೆ ಬರೋಣ. ಸಂಪಾಜೆ ಘಾಟಿ ಇಳಿದು ಹೋದರೆ ಮಂಗಳೂರಿನಲ್ಲೇ ದೊಡ್ಡ ರಿಫೈನರಿ ಇದೆ. ಇಷ್ಟು ಹತ್ತಿರ ತಯಾರಾಗುವ ಪೆಟ್ರೋಲಿಗೂ ಡಾಲರಿಗೂ ಏನು ಸಂಬಂಧ? ಸಂಬಂಧ ಇರುವುದು ಹಡಗಿನಲ್ಲಿ. ರಿಫೈನರಿ ನಮ್ಮದು, ಅದರೊಳಗೆ ಹೋಗುವ ಕಚ್ಚಾ ತೈಲ ನಮ್ಮದಲ್ಲ. ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ. ಅದಕ್ಕೆ ಬೆಲೆ ಕಟ್ಟುವುದು ಡಾಲರಿನಲ್ಲಿ. 2022ರ ನಂತರ ರಷ್ಯಾದ ತೈಲಕ್ಕೆ ಬೇರೆ ಕರೆನ್ಸಿಯಲ್ಲಿ ದುಡ್ಡು ಕೊಟ್ಟದ್ದೂ ಉಂಟು. ಆದರೂ ಲೆಕ್ಕ ಹಾಕುವುದು ಡಾಲರ್ ದರ ನೋಡಿಕೊಂಡೇ.

ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತೇನೆ, ನೀವೂ ಮೊಬೈಲಿನಲ್ಲಿ ಹಾಕಿ ನೋಡಿ. ಒಂದು ಬ್ಯಾರೆಲ್ ಅಂದರೆ ಸುಮಾರು 159 ಲೀಟರ್. ಬ್ಯಾರೆಲ್ಲಿಗೆ 70 ಡಾಲರ್ ಅಂತ ಇಟ್ಟುಕೊಳ್ಳೋಣ. ಡಾಲರಿಗೆ 80 ರೂಪಾಯಿ ಇದ್ದಾಗ ಬ್ಯಾರೆಲ್ಲಿಗೆ 5,600 ರೂಪಾಯಿ, ಲೀಟರಿಗೆ ಸುಮಾರು 35 ರೂಪಾಯಿ 20 ಪೈಸೆ. ಡಾಲರ್ 90 ಆದರೆ ಅದೇ ಬ್ಯಾರೆಲ್ಲಿಗೆ 6,300, ಲೀಟರಿಗೆ 39 ರೂಪಾಯಿ 60 ಪೈಸೆ. ಮಾರಿದ ದೇಶ ಒಂದು ಸೆಂಟ್ ಕೂಡ ಏರಿಸಿಲ್ಲ. ಆದರೂ ನಮಗೆ ಲೀಟರಿಗೆ 4 ರೂಪಾಯಿ 40 ಪೈಸೆ ಜಾಸ್ತಿ ಬಿತ್ತು.

ಇಲ್ಲಿಗೆ ಮುಗಿಯಲಿಲ್ಲ. ಇದರ ಮೇಲೆ ತೆರಿಗೆ ಇದೆ. ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಂತಿಷ್ಟು ರೂಪಾಯಿ ಅಂತ ಗೊತ್ತುಮಾಡಿದ ಮೊತ್ತ. ರೂಪಾಯಿ ಬಿದ್ದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ರಾಜ್ಯದ ಮಾರಾಟ ತೆರಿಗೆ ಹಾಗಲ್ಲ, ಅದು ಶೇಕಡಾವಾರು. 2024ರ ಜೂನಿನಲ್ಲಿ ಕರ್ನಾಟಕ ಪೆಟ್ರೋಲಿನ ಮೇಲೆ ಅದನ್ನು ಶೇಕಡಾ 29.84ಕ್ಕೆ ಏರಿಸಿತು. ಹಾಗಾದರೆ ಆ 4 ರೂಪಾಯಿ 40 ಪೈಸೆಯ ಮೇಲೆ ಇನ್ನೂ 1 ರೂಪಾಯಿ 30 ಪೈಸೆ ಕೂಡುತ್ತದೆ. ಒಟ್ಟು 5 ರೂಪಾಯಿ 70 ಪೈಸೆ. ಬೈಕಿಗೆ 10 ಲೀಟರ್ ಹಾಕಿಸಿದರೆ 57 ರೂಪಾಯಿ. ತಿಂಗಳಿಗೆ ನಾಲ್ಕು ಸಲ ಹಾಕಿಸುವವರು ಗುಣಿಸಿಕೊಳ್ಳಿ.

‘ಮೊನ್ನೆ ರೂಪಾಯಿ ಬಿತ್ತು ಅಂತ ನ್ಯೂಸಿನಲ್ಲಿ ಬಂತು, ಬಂಕಿನಲ್ಲಿ ದರ ಹಾಗೇ ಇದೆಯಲ್ಲ’ ಅಂತ ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. 2010ರಲ್ಲಿ ಪೆಟ್ರೋಲ್, 2014ರಲ್ಲಿ ಡೀಸೆಲ್ ಸರ್ಕಾರದ ನಿಯಂತ್ರಣದಿಂದ ಹೊರಗೆ ಬಂದವು. 2017ರ ಜೂನ್ 16ರಿಂದ ದಿನಾ ದರ ಬದಲಾಗುವ ಪದ್ಧತಿ ಬಂತು. ಆದರೆ ಕಾಗದದ ಮೇಲೆ ದಿನಾ ಬದಲಾಗಬೇಕಾದ ದರ ತಿಂಗಳುಗಟ್ಟಲೆ ಅಲ್ಲಾಡದೆ ನಿಂತದ್ದೂ ಇದೆ. ಆಗ ಹೊಡೆತವನ್ನು ತೈಲ ಕಂಪನಿಗಳು ನುಂಗುತ್ತವೆ, ಆಮೇಲೆ ಕಚ್ಚಾ ತೈಲ ಇಳಿದಾಗ ನಮಗೆ ಪೂರ್ತಿ ಇಳಿಸದೆ ಸರಿದೂಗಿಸಿಕೊಳ್ಳುತ್ತವೆ. 2020ರಲ್ಲಿ ಕಚ್ಚಾ ತೈಲ ನೆಲ ಕಚ್ಚಿತ್ತು. ಅದೇ ಮೇ ತಿಂಗಳಲ್ಲಿ ಕೇಂದ್ರ ಪೆಟ್ರೋಲಿನ ಸುಂಕವನ್ನು ಲೀಟರಿಗೆ 10 ರೂಪಾಯಿ, ಡೀಸೆಲಿನದ್ದನ್ನು 13 ರೂಪಾಯಿ ಏರಿಸಿತು. ಇಳಿಕೆಯ ಲಾಭ ಬಂಕಿನವರೆಗೆ ಬರಲೇ ಇಲ್ಲ. ಏರುವಾಗ ನಮ್ಮ ಪಾಲಿಗೆ ಬರುತ್ತದೆ, ಇಳಿಯುವಾಗ ದಾರಿಯಲ್ಲೇ ನಿಲ್ಲುತ್ತದೆ. ಇದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ರೂಪಾಯಿ ಬೀಳುವುದಾದರೂ ಯಾಕೆ? ಡಾಲರ್ ಬೇಕಾದವರು ಜಾಸ್ತಿಯಾಗಿ, ಕೊಡುವವರು ಕಡಿಮೆಯಾದಾಗ. 2013ರಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ತಾನು ಹರಿಸುತ್ತಿದ್ದ ದುಡ್ಡನ್ನು ಕಡಿಮೆ ಮಾಡುವ ಸೂಚನೆ ಕೊಟ್ಟಿತು. ಹೂಡಿಕೆದಾರರು ನಮ್ಮಂಥ ದೇಶಗಳಿಂದ ಹಣ ತೆಗೆದರು. ಮೇ ತಿಂಗಳಲ್ಲಿ 55ರ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ ಕೊನೆಗೆ 68 ದಾಟಿತು. ಆಗ ರಿಸರ್ವ್ ಬ್ಯಾಂಕ್ ಏನು ಮಾಡಿತು ಗೊತ್ತಾ? ಸರ್ಕಾರಿ ತೈಲ ಕಂಪನಿಗಳಿಗೆ ತಾನೇ ಡಾಲರ್ ಕೊಡುವ ಪ್ರತ್ಯೇಕ ವ್ಯವಸ್ಥೆ ಮಾಡಿತು. ಅವರು ಮಾರುಕಟ್ಟೆಗೆ ಡಾಲರ್ ಕೊಳ್ಳೋಕೆ ಬಂದರೆ ರೂಪಾಯಿ ಇನ್ನೂ ಜಾರುತ್ತಿತ್ತು. ಅಂದರೆ ರೂಪಾಯಿ ಬಿದ್ದರೆ ತೈಲ ದುಬಾರಿ, ತೈಲ ದುಬಾರಿಯಾದರೆ ಡಾಲರ್ ಜಾಸ್ತಿ ಬೇಕು, ಆಗ ರೂಪಾಯಿ ಮತ್ತೆ ಬೀಳುತ್ತದೆ.

ಫೋನಿನ ಕಥೆ ಬೇಗ ಹೇಳುತ್ತೇನೆ. ‘ಮೇಡ್ ಇನ್ ಇಂಡಿಯಾ’ ಅಂತ ಡಬ್ಬಿಯ ಮೇಲೆ ಇರುತ್ತದೆ, ಸುಳ್ಳಲ್ಲ. ನೊಯಿಡಾ, ಶ್ರೀಪೆರಂಬುದೂರು, ನಮ್ಮ ಕೋಲಾರದ ನರಸಾಪುರ, ಎಲ್ಲ ಕಡೆ ಫೋನು ಜೋಡಿಸುತ್ತಾರೆ. ಆದರೆ ಒಳಗಿನ ಪ್ರೊಸೆಸರ್, ಮೆಮೊರಿ, ಡಿಸ್‌ಪ್ಲೇ ಹೆಚ್ಚಾಗಿ ಹೊರಗಿನಿಂದ ಬರುತ್ತವೆ. ಅವುಗಳ ಬಿಲ್ಲು ಡಾಲರಿನಲ್ಲಿ. ಒಂದು ಫೋನಿಗೆ 150 ಡಾಲರಿನ ಬಿಡಿಭಾಗ ಹಿಡಿದರೆ, 80ರ ಲೆಕ್ಕದಲ್ಲಿ 12,000, 90ರ ಲೆಕ್ಕದಲ್ಲಿ 13,500. ಈ 1,500ರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿಸಿ, 1,770 ಆಯಿತು. ಹಳೇ ಸ್ಟಾಕ್ ಮುಗಿಯುವವರೆಗೆ ಅಂಗಡಿಯಲ್ಲಿ ಹಳೇ ದರವೇ ಇರಬಹುದು. ಕೆಲವು ಸಲ ಕಂಪನಿಯವರು ದರ ಏರಿಸದೆ ಮೆಮೊರಿ ಕಡಿಮೆ ಮಾಡುತ್ತಾರೆ, ಚಾರ್ಜರ್ ತೆಗೆಯುತ್ತಾರೆ. ಅದೂ ಬೆಲೆ ಏರಿದಂತೆಯೇ ಅಲ್ವಾ?

ಈಗ ನಮ್ಮ ಕೊಡಗು ಜಿಲ್ಲೆಯ ಮಾತು. ರೊಬಸ್ಟಾ ಕಾಫಿಯ ದರ ಲಂಡನ್ನಿನಲ್ಲಿ, ಅರೇಬಿಕಾ ಕಾಫಿಯ ದರ ನ್ಯೂಯಾರ್ಕಿನಲ್ಲಿ ನಿಗದಿಯಾಗುತ್ತದೆ, ಎರಡೂ ಡಾಲರಿನಲ್ಲೇ. ಟನ್ನಿಗೆ 4,000 ಡಾಲರ್ ಇದ್ದರೆ, ಡಾಲರ್ 80ರಿಂದ 90ಕ್ಕೆ ಹೋದಾಗ ಕಿಲೋಗೆ 320 ರೂಪಾಯಿ ಇದ್ದದ್ದು 360 ಆಗುತ್ತದೆ. ಹಾಗಾಗಿ ರೂಪಾಯಿ ಬಿದ್ದಾಗ ತೋಟದವರ ಮನೆಯಲ್ಲಿ ಬೇಸರ ಕಮ್ಮಿ. ಆದರೆ ಖರ್ಚಿನ ಪುಟವನ್ನೂ ತಿರುಗಿಸಿ. ಪೊಟ್ಯಾಷ್ ಗೊಬ್ಬರ ಹೆಚ್ಚುಕಡಿಮೆ ಪೂರ್ತಿ ಆಮದು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚಿನಲ್ಲಿ ಕೆರೆಯ ಪಕ್ಕ ಡೀಸೆಲ್ ಪಂಪು ರಾತ್ರಿಯೆಲ್ಲ ಓಡುತ್ತದೆ, ಸ್ಪ್ರಿಂಕ್ಲರ್ ಜೆಟ್ ಹಾಕಿದ ಪೈಪನ್ನು ಸಾಲಿನಿಂದ ಸಾಲಿಗೆ ಹೊತ್ತುಕೊಂಡು ಹೋಗುತ್ತಾರೆ. ಆ ಪಂಪಿಗೆ ಹಾಕುವ ಕ್ಯಾನುಗಳ ಲೆಕ್ಕ ಬರೆದಿಟ್ಟರೆ ಲಾಭದಲ್ಲಿ ಎಷ್ಟು ಹೋಯಿತು ಅಂತ ಕಾಣುತ್ತದೆ.

ತೋಟ ಇಲ್ಲದವರಿಗೆ ಆ ಲಾಭವೂ ಇಲ್ಲ. ನಮ್ಮ ಜಿಲ್ಲೆಗೆ ರೈಲಿಲ್ಲ. ಅಕ್ಕಿ, ತರಕಾರಿ, ಸಿಮೆಂಟು ಎಲ್ಲವೂ ಲಾರಿಯಲ್ಲಿ ಬರಬೇಕು, ಡೀಸೆಲ್ ಸುಟ್ಟು ಬರಬೇಕು. ತೋಟದ ಲೈನ್ ಮನೆಯಲ್ಲಿರುವ ಕೆಲಸಗಾರರಿಗೆ, ಆಟೋ ಓಡಿಸುವ ಅಣ್ಣನಿಗೆ, ಹೋಮ್‌ಸ್ಟೇಯಲ್ಲಿ ಅಡುಗೆ ಮಾಡುವ ಅಕ್ಕನಿಗೆ ಡಾಲರಿನಲ್ಲಿ ಬರುವ ಆದಾಯ ಒಂದು ಪೈಸೆ ಇಲ್ಲ, ಖರ್ಚು ಮಾತ್ರ ಏರುತ್ತದೆ. ‘ರೂಪಾಯಿ ಬಿದ್ದರೆ ಕೊಡಗಿಗೆ ಒಳ್ಳೆಯದು’ ಅಂತ ಯಾರಾದರೂ ಸುಮ್ನೆ ಹೇಳಿದರೆ, ಕೊಡಗಿನಲ್ಲಿ ಯಾರಿಗೆ ಅಂತ ಕೇಳಿ.

ಮುಂದಿನ ಸಭೆಗೆ ಒಂದು ಕೆಲಸ. ಮನೆಯಲ್ಲಿ ಹಳೇ ಪೆಟ್ರೋಲ್ ಬಿಲ್ಲು, ಫೋನಿನ ಬಿಲ್ಲು, ಕಾಫಿ ಮಾರಿದ ಚೀಟಿ ಇದ್ದರೆ ತನ್ನಿ. ಬಿಲ್ಲಿನ ಮೇಲಿನ ತಾರೀಕಿನ ಡಾಲರ್ ದರ ಹುಡುಕಿ, ಪಕ್ಕದಲ್ಲಿ ಬರೆಯೋಣ. ಈಗ ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನವರಿಂದ ಶುರು ಮಾಡೋಣ.