ಪ್ರೆಡ್ನಿಸೊಲೋನ್ ಮನೆಯಲ್ಲಿ ಕೊಡುವ ಕ್ರಮ: ಬದಿಯಡ್ಕದ 6 ವರ್ಷದ ಬಾಲಕನ ಹೆತ್ತವರಿಗೆ

ನಿಮ್ಮ ಮಗನಿಗಿರುವುದು ನೆಫ್ರೋಟಿಕ್ ಸಿಂಡ್ರೋಮ್. ಮೂತ್ರದಲ್ಲಿ ಪ್ರೋಟೀನ್ ಸೋರಿಹೋಗುವುದರಿಂದ ಮೈ ಊದಿಕೊಂಡಿದೆ. ಈಗ ತೂಕ 23 ಕಿಲೋ ತೋರಿಸಿದರೂ ಊತ ಬರುವ ಮೊದಲಿನ 20 ಕಿಲೋ ಹಿಡಿದೇ ಲೆಕ್ಕ ಹಾಕಿದ್ದೇನೆ.

ಮೊದಲ 6 ವಾರ, 2025ರ ಜೂನ್ 3ರಿಂದ ಜುಲೈ 14ರವರೆಗೆ, ದಿನಾ ಬೆಳಿಗ್ಗೆ ತಿಂಡಿಯ ನಂತರ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ 40 ಮಿಲಿಗ್ರಾಂ (ಕಿಲೋಗೆ 2 ಮಿಲಿಗ್ರಾಂ, ಯಾವ ಮಗುವಿಗೂ ದಿನಕ್ಕೆ 60 ಮೀರುವಂತಿಲ್ಲ). 10ರ ಮಾತ್ರೆಯಾದರೆ ನಾಲ್ಕು, 20ರದಾದರೆ ಎರಡು. ಅಂಗಡಿಯವರು ಚೀಟಿಯಲ್ಲಿ ಮಲಯಾಳದಲ್ಲಿ ಬರೆದದ್ದು ಓದಲಾಗದಿದ್ದರೆ ಕೇಳಿ ಕನ್ನಡದಲ್ಲಿ ಬರೆದುಕೊಳ್ಳಿ. ಪ್ರತಿ ಸಲ ಮಾತ್ರೆಯ ಪಟ್ಟಿಯ ಮೇಲಿನ ಮಿಲಿಗ್ರಾಂ ನೋಡಿ.

ಊತ ಇಳಿದು ಹುಡುಗ ಅಂಗಳದಲ್ಲಿ ಓಡಾಡತೊಡಗಿದಾಗ ಮಾತ್ರೆ ಸಾಕೆಂದು ಅಜ್ಜಿ ಹೇಳಬಹುದು. ದಯವಿಟ್ಟು ನಿಲ್ಲಿಸಬೇಡಿ. ಇದ್ದಕ್ಕಿದ್ದಂತೆ ನಿಲ್ಲಿಸಿದರೆ ದೇಹಕ್ಕೆ ಬೇಕಾದ ಸ್ವಂತ ಸ್ಟೀರಾಯ್ಡ್ ಕೂಡಲೇ ತಯಾರಾಗದು, ಅದು ಅಪಾಯ.

ನಂತರದ 6 ವಾರ ದಿನ ಬಿಟ್ಟು ದಿನ ಬೆಳಿಗ್ಗೆ 30 ಮಿಲಿಗ್ರಾಂ, ಒಂದೇ ಸಲ (ಕಿಲೋಗೆ 1.5, ಹೆಚ್ಚೆಂದರೆ 40). ಜುಲೈ 16ರಂದು ಮೊದಲನೆಯದು, ಆಮೇಲೆ 18, 20, 22 ಹೀಗೆ 30ರವರೆಗೆ. ಇಲ್ಲಿ ಎಲ್ಲರೂ ತಪ್ಪುತ್ತಾರೆ: ಜುಲೈಗೆ 31 ದಿನವಿರುವುದರಿಂದ ಮುಂದಿನ ಡೋಸ್ ಆಗಸ್ಟ್ 1ಕ್ಕೆ, ಅಲ್ಲಿಂದ ಬೆಸ ತಾರೀಕುಗಳು. ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ. ಆಗಸ್ಟ್ 25 ಕೊನೆಯದು. ಮೊದಲ ಸಲದ ಕಾಯಿಲೆಗೆ ಅಲ್ಲಿಂದ ಮುಂದೆ ಇಳಿಸುತ್ತಾ ಎಳೆಯುವ ಅಗತ್ಯವಿಲ್ಲ.

ಪ್ರತಿದಿನ ಬೆಳಗಿನ ಮೊದಲ ಮೂತ್ರಕ್ಕೆ ಪ್ರೋಟೀನ್ ಪರೀಕ್ಷೆಯ ಪಟ್ಟಿ ಅದ್ದಿ ನೋಡಿ, ಪುಸ್ತಕದಲ್ಲಿ ಬರೆಯಿರಿ. ಮೂರು ದಿನ ಸತತ ಪ್ರೋಟೀನ್ ಇಲ್ಲ ಅಥವಾ ಅತ್ಯಲ್ಪ ಎಂದು ಬಂದರೆ ಕಾಯಿಲೆ ತಗ್ಗಿದೆ. ಆಗಲೂ 6 ವಾರ ಮುಗಿಸಲೇಬೇಕು. 6 ವಾರವಾದರೂ ತಗ್ಗದಿದ್ದರೆ ಬೇರೆ ಪರೀಕ್ಷೆಗಳಿವೆ.

ಮುಂದೆಂದಾದರೂ ಪರೀಕ್ಷೆಯ ಪಟ್ಟಿಯಲ್ಲಿ ಮೂರು ದಿನ ಸತತ ಪ್ರೋಟೀನ್ 3+ ಅಥವಾ 4+ ಬಂದರೆ ಅದು ಮರುಕಳಿಕೆ. ಅನೇಕ ಮಕ್ಕಳಿಗೆ ಬರುತ್ತದೆ, ನಿಮ್ಮ ತಪ್ಪಲ್ಲ. ಮೊದಲು ಫೋನ್ ಮಾಡಿ; ಆಗಿನ ತೂಕದಿಂದ ಡೋಸ್ ಬದಲಾಗುತ್ತದೆ. 20 ಕಿಲೋಗೆ ಲೆಕ್ಕ ಹೀಗೆ: ಮೂರು ದಿನ ಸತತ ಪ್ರೋಟೀನ್ ಇಲ್ಲದಾಗುವವರೆಗೆ ದಿನಾ 40, ಬಳಿಕ ದಿನ ಬಿಟ್ಟು ದಿನ 30, ನಾಲ್ಕು ವಾರ. ಎರಡು ವಾರವಾದರೂ ತಗ್ಗದಿದ್ದರೆ ಕಾಯದೆ ಬನ್ನಿ. ಈ ಮೊದಲ ಸಲದ ಚಿಕಿತ್ಸೆ ಮುಗಿದ ಆರು ತಿಂಗಳೊಳಗೆ ಎರಡು ಸಲ ಮರುಕಳಿಸಿದರೆ ಡೋಸನ್ನು ನಿಧಾನವಾಗಿ ಇಳಿಸಿ, ದಿನ ಬಿಟ್ಟು ದಿನ ಕಿಲೋಗೆ 0.5ರಿಂದ 0.7ರಂತೆ 6ರಿಂದ 12 ತಿಂಗಳು ಕೊಡಬೇಕಾದೀತು.

ಮುಖ ದುಂಡಗಾಗುತ್ತದೆ, ಹಸಿವು ಹೆಚ್ಚುತ್ತದೆ, ಸಿಟ್ಟೂ ಬರುತ್ತದೆ, ಬೈಯಬೇಡಿ. ಊತವಿರುವಾಗ ಉಪ್ಪಿನಕಾಯಿ, ಹಪ್ಪಳ ದೂರವಿಡಿ. ನನ್ನನ್ನು ಕೇಳದೆ ಯಾವ ಲಸಿಕೆಯನ್ನೂ ಹಾಕಿಸಬೇಡಿ. ಜ್ವರ, ಹೊಟ್ಟೆನೋವು, ಬಿಡದ ವಾಂತಿ ಅಥವಾ ಸೀತಾಳೆ ಸಿಡುಬು ಇರುವವರ ಸಂಪರ್ಕ ಆದರೆ ಅದೇ ದಿನ ಆಸ್ಪತ್ರೆಗೆ ಕರೆತನ್ನಿ, ರಾತ್ರಿಯಾದರೂ ಸರಿ.