ಕೃತಜ್ಞತೆ ಮತ್ತು ದರ ಪರಿಷ್ಕರಣೆ

ಬದಿಯಡ್ಕ, ಮೇ 15

ಮಾನ್ಯ ಗ್ರಾಹಕರೇ,

ಮದುವೆ ಕಾಗದದಿಂದ ಬ್ರಹ್ಮಕಲಶದ ಆಮಂತ್ರಣದವರೆಗೆ ವರ್ಷಗಳಿಂದ ನಮ್ಮಲ್ಲೇ ಅಚ್ಚು ಹಾಕಿಸುತ್ತಿದ್ದೀರಿ. ತುಂಬಾ ಕೃತಜ್ಞತೆಗಳು.

ಕಾಗದ, ಪ್ಲೇಟು, ಶಾಯಿಯ ಬೆಲೆ ಏರಿರುವುದರಿಂದ ಜೂನ್ 1ರಿಂದ ದರ ಹೆಚ್ಚಿಸುತ್ತಿದ್ದೇವೆ. ಎರಡು ಪ್ರತಿಯ ಬಿಲ್ ಪುಸ್ತಕ (50 ಸೆಟ್) 110ರಿಂದ 125 ರೂಪಾಯಿ. 130 ಜಿಎಸ್‌ಎಂ ಆರ್ಟ್ ಪೇಪರಿನ ಎ4 ಬಹುವರ್ಣ ಆಮಂತ್ರಣ, ಸಾವಿರಕ್ಕೆ 4,800ರಿಂದ 5,400. ಜಿಎಸ್‌ಟಿ ಬೇರೆ. ಲೆಟರ್‌ಹೆಡ್, ರಬ್ಬರ್ ಸ್ಟಾಂಪಿಗೆ ಹಳೆಯ ದರವೇ.

ಬಹುವರ್ಣಕ್ಕೆ ನಾಲ್ಕು ಪ್ಲೇಟು ಬೇಕು. ಬಣ್ಣ ಕೂಡಿಸುವಷ್ಟರಲ್ಲಿ ಒಂದಷ್ಟು ಹಾಳೆ ಹಾಳಾಗುತ್ತದೆ. 300 ಪ್ರತಿಯಾದರೂ ಸಾವಿರವಾದರೂ ಈ ಖರ್ಚು ಅಷ್ಟೇ. ಕಡಿಮೆ ಪ್ರತಿ ಸಾಕೆಂದರೆ ಡಿಜಿಟಲ್ ಪ್ರಿಂಟೇ ಲಾಭ, ಮುಲಾಜಿಲ್ಲದೆ ಕೇಳಿ.

ಮೇ 31ರೊಳಗೆ ಅರ್ಧ ಮುಂಗಡ ಕೊಟ್ಟವರಿಗೆ ಹಳೆಯ ದರ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದರೆ ಪಿಡಿಎಫ್ ಕೂಡ ಕಳುಹಿಸಿ. ಫಾಂಟ್ ಬದಲಾದರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಪ್ರೂಫಿನಲ್ಲಿ ತಾರೀಕು, ಮುಹೂರ್ತ, ಮನೆಹೆಸರು ನೋಡಿ ಸಹಿ ಹಾಕಿ. ಪ್ಲೇಟಾದ ಮೇಲೆ ತಿದ್ದಿದರೆ ಹೊಸ ಪ್ಲೇಟಿನ ಖರ್ಚು ನಿಮ್ಮದೇ. ಮಳೆಗಾಲದಲ್ಲಿ ಶಾಯಿ ಒಣಗಲು ತಡ, ಎರಡು ದಿನ ಹೆಚ್ಚು ಕೊಡಿ.

ಇತಿ,
ಮುದ್ರಣಾಲಯದ ಪರವಾಗಿ, ವ್ಯವಸ್ಥಾಪಕರು